44ಎಡಿ: ಮೊದಲು ಅಂಗಡಿ ಯಾರ ಹೆಸರಲ್ಲಿದೆ ಹೇಳಿ

"ಸರ್ರ, ಎಂಟು ಪರ್ಸೆಂಟ್ ತೋರ್ಸಿ ಹಾಕಿಬಿಟ್ರ ಲೆಕ್ಕ-ಪತ್ರ, ಆಡಿಟ್ ಏನೂ ಬ್ಯಾಡಲ್ರಿ?"

ಇದು ಆದಾಯ ತೆರಿಗೆ ಕಾಯ್ದೆಯ 44ಎಡಿ ಸೆಕ್ಷನ್ ಬಗ್ಗೆ ಅಂಗಡಿಯವರು ಕೇಳುವ ಪ್ರಶ್ನೆ: ಸಣ್ಣ ವ್ಯಾಪಾರಿಗಳು ಪೂರ್ತಿ ಲೆಕ್ಕ ಒಪ್ಪಿಸದೆ, ವಹಿವಾಟಿನ ಇಂತಿಷ್ಟು ಪಾಲನ್ನು ಲಾಭವೆಂದು ಘೋಷಿಸಲು ಅದು ಬಿಡುತ್ತದೆ. ಕೇಳುವವರಿಗೆ ಬೇಕಾಗಿರುವುದು "ಹೌದು" ಎಂಬ ಒಂದೇ ಮಾತು. ಅದನ್ನು ನಾನು ಹೇಳುವುದಿಲ್ಲ. "ಹಾಕಿಬಿಟ್ರ" ಎಂಬ ಮಾತಿಗೇ ನನ್ನ ತಕರಾರು. ಅಂಗಡಿಯ ಒಂದು ಲೆಕ್ಕವನ್ನೂ ನೋಡದೆ ಹಾಕಿಬಿಡುವ ರಿಟರ್ನ್ ಮುಂದಿನ ಐದು ವರ್ಷ ಕಾಲಿಗೆ ತೊಡರುತ್ತದೆ. ಅದು ಹೇಗೆ ಎಂದು ಸಿಂಧನೂರು, ಗಂಗಾವತಿ ಕಡೆ ಊರೂರಲ್ಲೂ ಇರುವಂಥ ಒಂದು ಗೊಬ್ಬರ-ಔಷಧಿ ಅಂಗಡಿಯ ಲೆಕ್ಕದಲ್ಲೇ ತೋರಿಸುತ್ತೇನೆ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು. ನಿಯಮಗಳು 2025-26ರ ಆರ್ಥಿಕ ವರ್ಷದವು, ಅಂದರೆ 1961ರ ಆದಾಯ ತೆರಿಗೆ ಕಾಯ್ದೆಯವು.

ಅದಕ್ಕೂ ಮೊದಲು, ರಾಯಚೂರು ಗಂಜ್‌ನಲ್ಲಿ ದಲಾಲಿ ಅಂಗಡಿ ಇಟ್ಟವರು ಈ ಪ್ರಶ್ನೆ ಕೇಳುವುದೇ ಬೇಡ. ಕಮಿಷನ್ ಅಥವಾ ದಲಾಲಿ ಆದಾಯ ಇರುವವರನ್ನು, ಏಜೆನ್ಸಿ ವ್ಯವಹಾರ ಮಾಡುವವರನ್ನು 44ಎಡಿ ಬಾಗಿಲಲ್ಲೇ ನಿಲ್ಲಿಸಿದೆ. ಕಾಯ್ದೆ "ಅಂಥ ಆದಾಯ" ಎನ್ನದೆ "ಅಂಥ ವ್ಯಕ್ತಿ" ಎಂದಿದೆ. ರೈತರ ಭತ್ತ, ಹತ್ತಿ ಮಾರಿಸಿಕೊಟ್ಟು ಕಮಿಷನ್ ಪಡೆಯುವವರು ಪಕ್ಕದಲ್ಲಿ ಸ್ವಂತ ಖರೀದಿ-ಮಾರಾಟ ಮಾಡಿದರೂ ಆ ಭಾಗಕ್ಕೆ ಎಂಟು ಪರ್ಸೆಂಟ್ ಹಾಕುತ್ತೇನೆಂದು ಹೊರಡುವುದು ಅಪಾಯ.

ಈಗ ನಮ್ಮ ಅಂಗಡಿಗೆ ಬರೋಣ. ವರ್ಷದ ವಹಿವಾಟು 1 ಕೋಟಿ 40 ಲಕ್ಷ. ಅದರಲ್ಲಿ 80 ಲಕ್ಷ ನಗದು, 60 ಲಕ್ಷ ಫೋನ್‌ಪೇ ಮತ್ತು ಬ್ಯಾಂಕ್ ಮೂಲಕ ಬಂದದ್ದು. ನಗದಿಗೆ ಶೇಕಡಾ 8, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇಕಡಾ 6. ಒಂದು 6 ಲಕ್ಷ 40 ಸಾವಿರ, ಇನ್ನೊಂದು 3 ಲಕ್ಷ 60 ಸಾವಿರ, ಒಟ್ಟು 10 ಲಕ್ಷ. ನಿಜದಲ್ಲಿ ಈ ಅಂಗಡಿಗೆ ಸರಾಸರಿ ಐದು ಪರ್ಸೆಂಟ್ ಮಾರ್ಜಿನ್‌ನಂತೆ 7 ಲಕ್ಷ ಬಂದಿದೆ. ಬಾಡಿಗೆ, ಹುಡುಗರ ಸಂಬಳ, ಹಮಾಲಿ, ಕರೆಂಟು ಸೇರಿ 3 ಲಕ್ಷ 20 ಸಾವಿರ ಹೋಗಿದೆ. ಉಳಿದದ್ದು 3 ಲಕ್ಷ 80 ಸಾವಿರ.

ಗಳಿಸಿದ್ದು 3.80 ಲಕ್ಷ, ತೋರಿಸುವುದು 10 ಲಕ್ಷ. ಮೊದಲಾಗಿದ್ದರೆ "ಬೇಡವೇ ಬೇಡ" ಎನ್ನುತ್ತಿದ್ದೆ. ಅಂಗಡಿ ಒಬ್ಬರ ಹೆಸರಿನಲ್ಲಿದ್ದರೆ ಈಗ ಹಾಗೆ ಹೇಳಲಾರೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇದೆ. 10 ಲಕ್ಷ ತೋರಿಸಿದರೂ ಕಟ್ಟುವ ತೆರಿಗೆ ಸೊನ್ನೆ. ನಿಜವಾದ 3.80 ಲಕ್ಷ ತೋರಿಸಿದರೂ ಸೊನ್ನೆಯೇ, ಆದರೆ ಆಗ ಆಡಿಟ್ ಮಾಡಿಸಲೇಬೇಕು. ವಹಿವಾಟು ಒಂದು ಕೋಟಿ ದಾಟಿದೆ, ನಗದು ಶೇಕಡಾ 5ಕ್ಕಿಂತ ಬಹಳ ಹೆಚ್ಚಿರುವುದರಿಂದ ನಗದು ಕಡಿಮೆ ಇರುವವರಿಗೆ ಸಿಗುವ ಆಡಿಟ್ ರಿಯಾಯಿತಿಯೂ ಇಲ್ಲ. ಹಾಗಾಗಿ ಈ ಮಾಲೀಕರಿಗೆ 44ಎಡಿ ಸರಿಯಾದ ದಾರಿ. ಮನೆ ಬಾಡಿಗೆ, ಬಡ್ಡಿ ಎಂದು ಬೇರೆ ಆದಾಯ ಇದ್ದರೆ ಅದನ್ನೂ ಕೂಡಿಸಿಯೇ 12 ಲಕ್ಷ ಎಣಿಸಬೇಕು, ಅಷ್ಟೇ.

ಅದೇ ಅಂಗಡಿ ಅಣ್ಣ-ತಮ್ಮಂದಿರ ಪಾರ್ಟ್ನರ್‌ಶಿಪ್ ಆಗಿದ್ದರೆ? ನಮ್ಮ ಕಡೆ ಅರ್ಧಕ್ಕರ್ಧ ಅಂಗಡಿಗಳು ಹಾಗೇ ಇವೆ, ಆದರೂ ಪ್ರಶ್ನೆ ಕೇಳುವಾಗ ಯಾರೂ ಇದನ್ನು ಹೇಳುವುದಿಲ್ಲ. ಫರ್ಮ್‌ಗೆ ರಿಬೇಟ್ ಇಲ್ಲ, ಸ್ಲ್ಯಾಬ್ ಇಲ್ಲ, ಮೊದಲ ರೂಪಾಯಿಯಿಂದಲೇ ಶೇಕಡಾ 30. ಪಾರ್ಟ್ನರ್‌ಗಳ ಸಂಬಳವನ್ನಾಗಲಿ ಬಂಡವಾಳದ ಬಡ್ಡಿಯನ್ನಾಗಲಿ ಆ 10 ಲಕ್ಷದಿಂದ ಕಳೆಯಲು ಬಿಡುವುದಿಲ್ಲ. ತೆರಿಗೆ 3 ಲಕ್ಷ, ಸೆಸ್ ಸೇರಿ 3 ಲಕ್ಷ 12 ಸಾವಿರ. ಗಳಿಸಿದ 3.80 ಲಕ್ಷದಲ್ಲಿ ಮಿಕ್ಕುವುದು 68 ಸಾವಿರ.

ಅವರೇ ಲೆಕ್ಕ ಇಟ್ಟು ಆಡಿಟ್ ಮಾಡಿಸಿದರೆ ನೋಡಿ. ಪಾರ್ಟ್ನರ್‌ಶಿಪ್ ಡೀಡ್‌ನಲ್ಲಿ ದುಡಿಯುವ ಪಾರ್ಟ್ನರ್‌ಗಳಿಗೆ ಸಂಬಳ ಎಂದು ಬರೆದಿದ್ದರೆ, ಈ ಮಟ್ಟದ ಲಾಭದಲ್ಲಿ ಅದರ ಶೇಕಡಾ 90ರವರೆಗೆ ಸಂಬಳವಾಗಿ ಕಳೆಯಬಹುದು. 3 ಲಕ್ಷ 42 ಸಾವಿರ ಕಳೆದರೆ ಫರ್ಮ್‌ನಲ್ಲಿ ಉಳಿಯುವುದು 38 ಸಾವಿರ, ಅದರ ಮೇಲಿನ ತೆರಿಗೆ ಸೆಸ್ ಸೇರಿ 11,856 ರೂಪಾಯಿ. ಸಂಬಳ ಇಬ್ಬರಿಗೂ 1 ಲಕ್ಷ 71 ಸಾವಿರದಂತೆ ಹಂಚಿಹೋಗುತ್ತದೆ, ಬೇರೆ ಆದಾಯ ಇಲ್ಲದಿದ್ದರೆ ಅವರ ಕೈಯಲ್ಲೂ ತೆರಿಗೆ ಇಲ್ಲ. 2025ರ ಏಪ್ರಿಲ್‌ನಿಂದ ಈ ಸಂಬಳ ವರ್ಷಕ್ಕೆ 20 ಸಾವಿರ ದಾಟಿದರೆ ಫರ್ಮ್ ಶೇಕಡಾ 10 ಟಿಡಿಎಸ್ ಹಿಡಿಯಬೇಕು. ಅದು ಅವರ ರಿಟರ್ನ್‌ನಲ್ಲಿ ವಾಪಸ್ ಬರುತ್ತದೆ. ಆಡಿಟ್ ಫೀ ಉಳಿಸಲು ಹೋಗಿ ಮೂರು ಲಕ್ಷ ಕಟ್ಟುವುದು ಲಾಭವೋ ನಷ್ಟವೋ, ನೀವೇ ಹೇಳಿ.

ಇಲ್ಲಿಯವರೆಗೆ ನೀವು ಕೇಳಿದ್ದಕ್ಕೆ ಉತ್ತರ ಆಯಿತು. ನೀವು ಕೇಳಬೇಕಾಗಿದ್ದದ್ದು ಬೇರೆ: "ಒಮ್ಮೆ ಒಳಗೆ ಹೋದರೆ ಹೊರಗೆ ಬರುವುದು ಹೇಗೆ?"

ಒಂದು ವರ್ಷ 44ಎಡಿ ಪ್ರಕಾರ ಘೋಷಿಸಿದರೆ ಮುಂದಿನ ಐದು ವರ್ಷವೂ ಹಾಗೇ ನಡೆಯಬೇಕೆಂದು ಕಾಯ್ದೆ ಬಯಸುತ್ತದೆ. ನಡುವೆ ಒಂದು ವರ್ಷ "ಈ ಸಲ ಲಾಭ ಕಡಿಮೆ" ಎಂದು ಆರು-ಎಂಟಕ್ಕಿಂತ ಕೆಳಗೆ ತೋರಿಸಿದಿರೋ, ಅದರ ನಂತರದ ಐದು ವರ್ಷ 44ಎಡಿ ನಿಮಗೆ ಸಿಗುವುದಿಲ್ಲ. 2024-25ಕ್ಕೆ ಹಾಕಿ 2025-26ರಲ್ಲಿ ಬಿಟ್ಟರೆ 2026-27ರಿಂದ 2030-31ರವರೆಗೆ ಬಾಗಿಲು ಬಂದ್. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆಯ 58ನೇ ಸೆಕ್ಷನ್ ಇದರ ಜಾಗಕ್ಕೆ ಬಂದಿದೆ ಎಂದು ಹಳೆಯ ಕಟ್ಟು ಕಳಚಿಹೋಗುತ್ತದೆ ಎಂದುಕೊಳ್ಳಬೇಡಿ.

ಬಿಟ್ಟ ವರ್ಷವೂ ಸೇರಿ ಆ ಅವಧಿಯಲ್ಲಿ ಒಟ್ಟು ಆದಾಯ ತೆರಿಗೆ ವಿನಾಯಿತಿ ಮಿತಿಯನ್ನು ದಾಟಿದರೆ ಲೆಕ್ಕಪುಸ್ತಕವೂ ಬೇಕು, ಆಡಿಟ್ಟೂ ಬೇಕು, ವಹಿವಾಟು 40 ಲಕ್ಷವೇ ಇರಲಿ. ಜನ ಎಡವುವುದು ಇಲ್ಲೇ. ಹೊಸ ಪದ್ಧತಿಯಲ್ಲಿ ಆ ಮಿತಿ 4 ಲಕ್ಷ, 12 ಲಕ್ಷವಲ್ಲ. 12 ಲಕ್ಷದವರೆಗೆ ತೆರಿಗೆ ಬಾರದಿರುವುದು ರಿಬೇಟ್‌ನಿಂದ. ತೆರಿಗೆ ಸೊನ್ನೆ ಬಂದರೂ ಆದಾಯ 5 ಲಕ್ಷವಿದ್ದರೆ ಆ ವರ್ಷಗಳಲ್ಲಿ ಆಡಿಟ್ ಬಿಟ್ಟವರಿಗೆ ದಂಡ ಕಾದಿದೆ: ವಹಿವಾಟಿನ ಶೇಕಡಾ ಅರ್ಧ ಅಥವಾ ಒಂದೂವರೆ ಲಕ್ಷ, ಯಾವುದು ಕಡಿಮೆಯೋ ಅದು.

ತಿರುಗಾ ಇನ್ನೊಂದು ಮಾತು ಊರೆಲ್ಲ ಹಬ್ಬಿದೆ, ಎಂಟಕ್ಕಿಂತ ಕಡಿಮೆ ತೋರಿಸಿದರೆ ಎಲ್ಲರಿಗೂ ಆಡಿಟ್ ಎಂದು. ಹಾಗಿಲ್ಲ. ಹಿಂದೆ 44ಎಡಿ ಹಾಕದವರು, ವಹಿವಾಟು ಒಂದು ಕೋಟಿಯೊಳಗಿದ್ದರೆ, ನಿಜವಾದ ಲಾಭ ಮೂರು ಪರ್ಸೆಂಟ್ ಇದ್ದರೂ ಅದನ್ನೇ ತೋರಿಸಬಹುದು. ಅವರಿಗೆ ಲೆಕ್ಕಪುಸ್ತಕ ಬೇಕಾಗುತ್ತದೆ, ಆಡಿಟ್ ಬೇಕಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಗೆ ಎರಡನೇ ಬೆಳೆಗೆ ನೀರು ಬಿಡದ ವರ್ಷ ಈ ಐದು ವರ್ಷದ ಕಟ್ಟು ಎದುರಿಗೆ ಬರುತ್ತದೆ. ಗೊಬ್ಬರ ಹೋಗುವುದಿಲ್ಲ, ಹಳೆಯ ಉದ್ರಿ ವಸೂಲಾಗುವುದಿಲ್ಲ. ನಮ್ಮ ಅಂಗಡಿಯ ವಹಿವಾಟು 90 ಲಕ್ಷಕ್ಕೆ ಇಳಿದು ನಷ್ಟವೇ ಆಗಿದೆ ಎನ್ನಿ. 60 ಲಕ್ಷ ನಗದು, 30 ಲಕ್ಷ ಬ್ಯಾಂಕ್ ಎಂದರೆ ಲೆಕ್ಕಕ್ಕೆ ಬರುವುದು 6 ಲಕ್ಷ 60 ಸಾವಿರ. ನಷ್ಟದ ವರ್ಷ ಆರೂವರೆ ಲಕ್ಷ ಲಾಭ ತೋರಿಸಬೇಕಾ ಎಂದು ಹೊಟ್ಟೆ ಉರಿಯುವುದು ಸಹಜ. ಒಬ್ಬರ ಹೆಸರಿನ ಅಂಗಡಿಯಾದರೆ ತೋರಿಸಿ ಎನ್ನುತ್ತೇನೆ. ತೆರಿಗೆ ಸೊನ್ನೆ, ಐದು ವರ್ಷದ ದಾರಿಯೂ ಉಳಿಯುತ್ತದೆ. ಕಳೆದುಕೊಳ್ಳುವುದು ನಷ್ಟವನ್ನು ಮುಂದಿನ ವರ್ಷಗಳಿಗೆ ಒಯ್ಯುವ ಹಕ್ಕು. ನಷ್ಟ ದೊಡ್ಡದಿದ್ದು, ಮುಂದೆ 12 ಲಕ್ಷ ದಾಟಿ ಗಳಿಸುವ ಭರವಸೆ ಇದ್ದರೆ ಮಾತ್ರ ಬೇರೆ ವಿಚಾರ.

ಇನ್ನು ಪುಸ್ತಕದ ಮಾತು. 44ಎಡಿಯಲ್ಲಿ ಇರುವವರೆಗೆ ಆ ವ್ಯಾಪಾರಕ್ಕೆ ಆದಾಯ ತೆರಿಗೆ ಕಾಯ್ದೆ ಪುಸ್ತಕ ಕೇಳುವುದಿಲ್ಲ, ನಿಜ. ಆದರೆ ಜಿಎಸ್‌ಟಿ ಖರೀದಿ, ಮಾರಾಟ, ಸ್ಟಾಕಿನ ದಾಖಲೆ ಕೇಳುತ್ತದೆ. ಐಟಿಆರ್-4 ತೆರೆದರೆ ಅದರಲ್ಲೇ ಮಾರ್ಚ್ 31ಕ್ಕೆ ಇದ್ದ ಸ್ಟಾಕು, ಬರಬೇಕಾದ ಉದ್ರಿ, ಕೊಡಬೇಕಾದ ಬಾಕಿ, ಕೈಯಲ್ಲಿದ್ದ ನಗದು ತುಂಬಬೇಕು. ಅಲ್ಲಿ ಬಾಯಿಗೆ ಬಂದ ಅಂಕಿ ಬರೆದವರಿಗೆ ವಹಿವಾಟು 2 ಕೋಟಿ ದಾಟಿದ ವರ್ಷ ಕಷ್ಟ. ಆಗ 44ಎಡಿ ಇಲ್ಲ, ಆಡಿಟ್ ಬಂತು. ಆಡಿಟರ್ ಮೊದಲು ಕೇಳುವುದೇ ಹಿಂದಿನ ವರ್ಷದ ಕೊನೆಯ ಸ್ಟಾಕನ್ನು. (ವರ್ಷದ ನಗದು ವಸೂಲಿ ವಹಿವಾಟಿನ ಶೇಕಡಾ 5 ಮೀರದಿದ್ದರೆ ಮಿತಿ 3 ಕೋಟಿ. ನಮ್ಮ ಹಳ್ಳಿ ಗಿರಾಕಿಗಳನ್ನು ನಂಬಿ ಆ ಲೆಕ್ಕಕ್ಕೆ ಕೂರಬೇಡಿ.)

ಉದ್ರಿ ಪುಸ್ತಕವನ್ನಂತೂ ಬಿಡಲೇಬೇಡಿ, ಅದರಲ್ಲಿ ದುಡ್ಡಿದೆ. ಜನವರಿಯಲ್ಲಿ ಉದ್ರಿ ಕೊಟ್ಟ ಗೊಬ್ಬರದ ಹಣವನ್ನು ರೈತ ರಾಶಿ ಮಾಡಿ ಜೂನ್‌ನಲ್ಲಿ ಫೋನ್‌ಪೇ ಮಾಡಿದರೆ, ರಿಟರ್ನ್ ಸಲ್ಲಿಸುವ ಕೊನೆಯ ದಿನಾಂಕದ ಒಳಗೆ ಬಂದಿರುವುದರಿಂದ ಆ ಮಾರಾಟಕ್ಕೆ ಶೇಕಡಾ 6 ಸಾಕು. ದಿನಾಂಕ ಕಳೆದು ಬಂದರೆ, ಅಥವಾ ನಗದಾಗಿ ಬಂದರೆ, 8. ಹೀಗಾಗಿ ಪ್ರತಿ ಉದ್ರಿಯ ಎದುರಿಗೆ ಬಂದ ತಾರೀಕು ಮತ್ತು ಬಂದ ದಾರಿ, ಎರಡನ್ನೂ ಬರೆಯಿರಿ. ಸ್ವಂತದ ಫೋನ್‌ಪೇಗೂ ಅಂಗಡಿಯದಕ್ಕೂ ಒಂದೇ ಖಾತೆ ಇಟ್ಟುಕೊಂಡವರು ಇದನ್ನು ಬೇರೆ ಮಾಡಿ ತೋರಿಸಲು ಆಗದೆ ಪೂರ್ತಿ ಎಂಟನ್ನೇ ಹಾಕುತ್ತಾರೆ. ಅಂಗಡಿಗೆ ಬೇರೆ ಕರೆಂಟ್ ಅಕೌಂಟ್ ಮಾಡಿಸಿ.

ಕೊನೆಯದಾಗಿ, ಆರು-ಎಂಟು ಎಂಬುದು ಕನಿಷ್ಠ. ಹದಿನೈದು ಪರ್ಸೆಂಟ್ ಗಳಿಸಿದವರು ಹದಿನೈದೇ ತೋರಿಸಬೇಕು. 10 ಲಕ್ಷ ಆದಾಯ ಘೋಷಿಸಿ ಅದೇ ವರ್ಷ 25 ಲಕ್ಷದ ಸೈಟು ಖರೀದಿಸಿದರೆ ಹಣ ಎಲ್ಲಿಯದು ಎಂಬ ನೋಟಿಸ್ ಬರಬಹುದು. ಅದಕ್ಕೆ 44ಎಡಿ ಉತ್ತರವಾಗುವುದಿಲ್ಲ, ನೀವು ಇಟ್ಟ ಲೆಕ್ಕ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಆಗುತ್ತವೆ.

ಮುಂದಿನ ಸಲ ಕೇಳಲು ಬರುವಾಗ ಹಿಂದಿನ ಐದು ವರ್ಷದ ರಿಟರ್ನ್ ಪ್ರತಿ ತನ್ನಿ. ಪಾರ್ಟ್ನರ್‌ಶಿಪ್ ಇದ್ದರೆ ಡೀಡ್ ತನ್ನಿ. ಜೊತೆಗೆ ಈ ವರ್ಷದ ವಹಿವಾಟು ನಗದು ಎಷ್ಟು, ಬ್ಯಾಂಕ್ ಎಷ್ಟು ಎಂದು ಬರೆದುಕೊಂಡು ಬನ್ನಿ.