ವಕಾಲತ್ತು ಬದಲಾಯಿಸಿದಾಗ

ನಮ್ಮ ಜಮೀನಿನ ಪಾಲು ವಿಭಾಗದ ದಾವೆಯಲ್ಲಿ ವಾದಿಯ ಸಾಕ್ಷ್ಯಕ್ಕೆಂದು ಮೂರು ವಾಯಿದೆಗಳು ಕಳೆದರೂ ನನ್ನ ಅಫಿಡವಿಟ್ ಸಲ್ಲಿಕೆಯಾಗಿರಲಿಲ್ಲ. ಮುಂದಿನ ವಾಯಿದೆ ಕೊನೆಯ ಅವಕಾಶವೆಂದು ತಿಳಿದ ದಿನವೇ ವಕೀಲರನ್ನು ಬದಲಾಯಿಸಲು ನಿರ್ಧರಿಸಿದೆ.

ಇನ್ನು ಮುಂದೆ ತಾವು ನಮ್ಮ ಪರ ಹಾಜರಾಗಬೇಕಿಲ್ಲ, ಫೈಲನ್ನು ಹಿಂದಿರುಗಿಸಬೇಕು ಎಂದು ಬರೆದು, ಸ್ವೀಕೃತಿ ಸಹಿತ ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದೆ. ಅಷ್ಟಕ್ಕೇ ಅವರ ಹೊಣೆ ಮುಗಿಯಿತೆಂದು ನಾನು ನಂಬಿದ್ದೆ. ಹೊಸ ವಕೀಲರು ಅದನ್ನು ಒಪ್ಪಲಿಲ್ಲ. "ನೋಡಿಯಮ್ಮಾ, ನೀವು ಸಹಿ ಮಾಡಿದ ಬರಹ ನ್ಯಾಯಾಲಯಕ್ಕೆ ಸಲ್ಲಿಕೆಯಾಗಿ, ಅದಕ್ಕೆ ಅನುಮತಿ ಸಿಗುವವರೆಗೂ ದಾಖಲೆಯಲ್ಲಿ ಅವರೇ ನಿಮ್ಮ ವಕೀಲರು" ಎಂದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮ ಹೇಳುವುದು ಇದನ್ನೇ. ಹಳೆಯ ವಕೀಲರು ಹೊಸ ವಕಾಲತ್ತುನಾಮೆಯ ಮೇಲೆ ತಮ್ಮ ಅಭ್ಯಂತರವಿಲ್ಲವೆಂದು ಬರೆದುಕೊಟ್ಟರೆ ಕೆಲಸ ಸಲೀಸು; ಕೊಡದಿದ್ದರೆ ಕಾರಣ ತಿಳಿಸಿ ನ್ಯಾಯಾಲಯದ ಅನುಮತಿ ಕೇಳಬೇಕು.

ನಮ್ಮವರು ಕೊಡಲಿಲ್ಲ. "ಬಾಕಿ ಫೀಸು ತೀರಿಸಿ, ಆಮೇಲೆ ಫೈಲು" ಎಂದರು. ಆ ಮಾತು ನನ್ನನ್ನು ಬಹಳ ನೋಯಿಸಿತು, ಏಕೆಂದರೆ ಆ ಕಟ್ಟಿನೊಳಗೆ ಇದ್ದದ್ದು ನಮ್ಮ ತಂದೆಯವರು ಜೋಪಾನ ಮಾಡಿದ ಕಾಗದಗಳು. ಫೀಸು ಬಾಕಿಯಿದೆಯೆಂದು ವಕೀಲರು ಕಕ್ಷಿದಾರರ ಫೈಲನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ, ಬಾಕಿಯ ವಸೂಲಿಗೆ ಬೇರೆ ಕಾನೂನು ದಾರಿಗಳಿವೆ ಎಂದು ಸುಪ್ರೀಂ ಕೋರ್ಟ್ 2000ರಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ತೀರ್ಪಿತ್ತಿದೆ. ಎರಡನೆಯ ಪತ್ರದಲ್ಲಿ ಆ ತೀರ್ಪನ್ನು ಉಲ್ಲೇಖಿಸಿ, ನಾನು ಒಪ್ಪುವಷ್ಟು ಬಾಕಿಯನ್ನು ಚೆಕ್ ಮೂಲಕ ಕಳುಹಿಸಿದೆ. ಹೊಸ ವಕೀಲರು ಎರಡೂ ಪತ್ರಗಳ ಪ್ರತಿ ಮತ್ತು ಅಂಚೆ ಸ್ವೀಕೃತಿಗಳನ್ನು ಲಗತ್ತಿಸಿ ಅರ್ಜಿ ಹಾಕಿದರು. ವಾಯಿದೆಯ ದಿನ ನ್ಯಾಯಾಧೀಶರು ಅದನ್ನು ಪುರಸ್ಕರಿಸಿ, ಅಫಿಡವಿಟ್ ಸಲ್ಲಿಸಲು ಇನ್ನೊಂದು ದಿನಾಂಕವನ್ನೂ ಕೊಟ್ಟರು.

ಆ ವಾರವೇ ಹಳೆಯ ಕಚೇರಿಯ ಗುಮಾಸ್ತರು ಫೈಲು ಒಪ್ಪಿಸಿದರು. ಕೆಂಪು ದಾರ ಬಿಚ್ಚಿ, ಸ್ವೀಕೃತಿಗೆ ಸಹಿ ಹಾಕುವ ಮೊದಲು ಪ್ರತಿಯೊಂದು ಕಾಗದವನ್ನೂ ನನ್ನ ಪಟ್ಟಿಯೊಡನೆ ತಾಳೆ ನೋಡಿದೆ. ಪಹಣಿಗಳಿದ್ದವು, ವಂಶವೃಕ್ಷವಿತ್ತು, ಮೂಲ ಕ್ರಯಪತ್ರ ಮಾತ್ರ ಕಾಣಲಿಲ್ಲ. ಎದೆ ಧಸಕ್ಕೆಂದಿತು. ಗುಮಾಸ್ತರು ದಾವಾ ಪತ್ರದ ಹಿಂದಿದ್ದ ದಾಖಲೆಗಳ ಪಟ್ಟಿಯನ್ನು ತೆರೆದು ಮೂರನೆಯ ಸಾಲಿನ ಮೇಲೆ ಬೆರಳಿಟ್ಟರು. ಕ್ರಯಪತ್ರವನ್ನು ದಾವೆಯೊಡನೆ ನ್ಯಾಯಾಲಯಕ್ಕೇ ಹಾಜರುಪಡಿಸಲಾಗಿತ್ತು. ಸ್ವೀಕೃತಿಯಲ್ಲಿ ಅದನ್ನು ಹಾಗೆಯೇ ನಮೂದಿಸಿ ಸಹಿ ಮಾಡಿದೆ, ಮಧ್ಯಾಹ್ನ ನಕಲು ವಿಭಾಗದಲ್ಲಿ ಅದರ ದೃಢೀಕೃತ ಪ್ರತಿಗಾಗಿ ಅರ್ಜಿ ಕೊಟ್ಟೆ.