ಮೆನು ಹುಟ್ಟಿದ್ದು ಫೋನ್ ಪಕ್ಕದ ಚೀಟಿಗಳಲ್ಲಿ

"ಟ್ಯೂಷನ್ ಸೆಂಟರ್ ವೆಬ್‌ಸೈಟ್ ಅಂದ್ರೆ ಐದಾರು ಪೇಜು, ಮೇಲೊಂದು ಮೆನು. ಅದಕ್ಯಾಕೆ ಸರ್ ವಾರಗಟ್ಟಲೆ ಪೇಪರು, ಪೆನ್ಸಿಲ್ಲು ಹಿಡ್ಕೊಂಡು ಕೂರ್ತೀರಿ? ನೇರ ಶುರು ಮಾಡಬಾರದಾ?"

ವೆಬ್‌ಸೈಟ್ ಮಾಡಿಕೊಡುವ ನನ್ನನ್ನು ಹೀಗೆ ಕೇಳುವವರಿದ್ದಾರೆ. ಮಾಡಬಹುದು. ಮೊದಲ ಎರಡು ಸೆಂಟರ್‌ಗಳಿಗೆ ನಾನು ಹಾಗೇ ಮಾಡಿಕೊಟ್ಟೆ. ಎರಡರಲ್ಲೂ ಮೂರೇ ತಿಂಗಳಿಗೆ ಮೆನು ಕಿತ್ತು ಮತ್ತೆ ಜೋಡಿಸಬೇಕಾಯಿತು. ಅಷ್ಟರಲ್ಲಿ ಪೋಷಕರು ಹಳೇ ಪೇಜುಗಳ ಲಿಂಕನ್ನು ವಾಟ್ಸಾಪಿನಲ್ಲಿ ಒಬ್ಬರಿಗೊಬ್ಬರು ಕಳಿಸಿಬಿಟ್ಟಿದ್ದರು. ಒತ್ತಿದರೆ "ಪೇಜ್ ಇಲ್ಲ" ಅಂತ ಬರುತ್ತಿತ್ತು. ಪೆನ್ಸಿಲ್ಲಲ್ಲಿ ಬರೆದದ್ದನ್ನು ಅಳಿಸಿದರೆ ಯಾರ ಲಿಂಕೂ ಕೆಡುವುದಿಲ್ಲ.

ಈಗ ಏನು ಮಾಡುತ್ತೇನೆ ಅನ್ನುವುದಕ್ಕೆ ದಾವಣಗೆರೆಯ ಒಂದು ಸೆಂಟರ್‌ನ ಕತೆ ಹೇಳುತ್ತೇನೆ. ಗಂಡ ಗಣಿತ, ಹೆಂಡತಿ ವಿಜ್ಞಾನ. 8ನೇ ತರಗತಿಯಿಂದ ಸೆಕೆಂಡ್ ಪಿಯುಸಿವರೆಗೆ ಮಕ್ಕಳು ಬರುತ್ತಾರೆ. ಸರ್ ಆಗಲೇ ಒಂದು ಪಟ್ಟಿ ಬರೆದಿಟ್ಟಿದ್ದರು. ನಮ್ಮ ಬಗ್ಗೆ, ನಮ್ಮ ಗುರಿ, ಸಂಸ್ಥಾಪಕರ ಮಾತು, ಕೋರ್ಸುಗಳು, ಫ್ಯಾಕಲ್ಟಿ, ಗ್ಯಾಲರಿ, ಸಾಧನೆಗಳು, ಹೀಗೆ ಒಟ್ಟು ಹದಿಮೂರು ಪೇಜು. ಅದು ಅವರು ಹೇಳಬೇಕು ಅಂದುಕೊಂಡದ್ದರ ಪಟ್ಟಿ. ಜನ ಕೇಳುವುದರ ಪಟ್ಟಿ ಇನ್ನೂ ಸಿಕ್ಕಿರಲಿಲ್ಲ. ಅದು ಅವರ ಫೋನಿನಲ್ಲಿತ್ತು.

ಒಂದು ಎ4 ಹಾಳೆಯನ್ನು ಮೂರು ಸಲ ಅರ್ಧಕ್ಕೆ ಮಡಚಿ ಹರಿದರೆ ಎಂಟು ಚೀಟಿ ಸಿಗುತ್ತವೆ. ಆರು ಹಾಳೆಯ ಚೀಟಿಗಳನ್ನು ಫೋನ್ ಪಕ್ಕ ಇಟ್ಟು ಮೇಡಂಗೆ ಒಂದೇ ಕೆಲಸ ಹೇಳಿದೆ. ಯಾರೇ ಫೋನ್ ಮಾಡಲಿ, ಅವರು ಕೇಳಿದ ಮೊದಲ ಪ್ರಶ್ನೆಯನ್ನು ಅವರದೇ ಮಾತಲ್ಲಿ ಬರೆಯಿರಿ. ತಿದ್ದಬೇಡಿ. "ಬ್ಯಾಚ್ ಸಮಯ" ಅಂತ ಚೊಕ್ಕ ಮಾಡಬೇಡಿ. ಮೇ ತಿಂಗಳು, ಅಡ್ಮಿಷನ್ನಿನ ಕಾಲ. ಆರು ದಿನದಲ್ಲಿ 43 ಚೀಟಿ ಆದವು.

ಸುರಿದು ನೋಡಿದರೆ 17 ಚೀಟಿ ಹೊಸಬರದ್ದೇ ಅಲ್ಲ. "ಇವತ್ತು ಕ್ಲಾಸ್ ಇದೆಯಾ ಮೇಡಂ?" "ಮಗ ಹೊರಟನಾ?" ಇವೆಲ್ಲ ಈಗಾಗಲೇ ಸೇರಿದ ಮಕ್ಕಳ ಮನೆಯವರ ಪ್ರಶ್ನೆ. ಇದಕ್ಕೆ ಉತ್ತರ ವಾಟ್ಸಾಪ್ ಗ್ರೂಪಿನಲ್ಲಿ ಇರಬೇಕು. ವೆಬ್‌ಸೈಟಿನಲ್ಲಿ "ಸೂಚನೆಗಳು" ಅಂತ ಒಂದು ಪೇಜ್ ಮಾಡಿದರೆ ಎರಡು ವಾರ ತುಂಬುತ್ತಾರೆ, ಆಮೇಲೆ ಯುಗಾದಿ ರಜೆಯ ಸೂಚನೆ ದೀಪಾವಳಿವರೆಗೂ ಅಲ್ಲೇ ಕೂತಿರುತ್ತದೆ. ಆ 17 ಚೀಟಿಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಪಕ್ಕಕ್ಕಿಟ್ಟೆವು.

ಉಳಿದ 26ರಲ್ಲಿ ಹನ್ನೊಂದು "ನಮ್ಮ ಹುಡುಗನ ಕ್ಲಾಸಿಗೆ ಇದೆಯಾ, ಎಷ್ಟೊತ್ತಿಗೆ" ಅನ್ನುವಂಥವು. ಏಳು ಫೀಸಿನದ್ದು. ಜಾಗ ಎಲ್ಲಿ ಅಂತ ಮೂರು, ಯಾರು ಹೇಳಿಕೊಡ್ತಾರೆ ಅಂತ ಮೂರು. ಇನ್ನೆರಡು ಎಸ್ಸೆಸ್ಸೆಲ್ಸಿ ಪರೀಕ್ಷೆ-2ಕ್ಕೆ ತಯಾರಿ ಮಾಡಿಸ್ತೀರಾ ಅಂತ. ನಮ್ಮ ಗುರಿ ಏನು ಅಂತ ಒಬ್ಬರೂ ಕೇಳಿರಲಿಲ್ಲ. ಸರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅವರದೇ ಮಾತಲ್ಲಿ ಬರೆಸಿದ್ದಕ್ಕೆ ಇನ್ನೊಂದು ಲಾಭ ಆಯಿತು. ಹೆಣ್ಣುಮಕ್ಕಳ ಅಮ್ಮಂದಿರು "ಎಷ್ಟು ಗಂಟೆಗೆ ಶುರು" ಅಂತ ಕೇಳಿರಲೇ ಇಲ್ಲ. "ಎಷ್ಟೊತ್ತಿಗೆ ಬಿಡ್ತೀರಿ" ಅಂತ ಕೇಳಿದ್ದರು. ಸರ್ ಅಚ್ಚು ಹಾಕಿಸಿದ್ದ ಪಾಂಪ್ಲೆಟ್‌ನಲ್ಲಿ ಶುರುವಾಗುವ ಸಮಯ ಮಾತ್ರ ಇತ್ತು!

ಇನ್ನು ಆ 26 ಚೀಟಿಗಳನ್ನು ಗುಂಪು ಮಾಡುವ ಕೆಲಸ. ಇದನ್ನು ನಾನೂ ಮಾಡುವುದಿಲ್ಲ, ಸೆಂಟರಿನವರಿಗೂ ಬಿಡುವುದಿಲ್ಲ. ಸಂಜೆ ಏಳೂವರೆಗೆ ಮಕ್ಕಳನ್ನು ಕರೆದೊಯ್ಯಲು ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿರುತ್ತಾರಲ್ಲ, ಅವರನ್ನು ಕೇಳುತ್ತೇನೆ. "ಒಟ್ಟಿಗೆ ಇರಬೇಕು ಅನ್ನಿಸಿದ್ದನ್ನು ಒಟ್ಟಿಗೆ ಇಡಿ, ಆ ಗುಡ್ಡೆಗೆ ಒಂದು ಹೆಸರು ಹೇಳಿ." ಐದು ಜನ ಸಾಕು. ಶೇಕಡಾವಾರು ಲೆಕ್ಕ ಹಾಕಲು ಐದು ಜನ ಸಾಲದು, ನಿಜ. ಆದರೆ ದೊಡ್ಡ ತಪ್ಪು ಕಾಣಿಸಲು ಸಾಕು.

ಸರ್ ಮನಸ್ಸಿನಲ್ಲಿ ಮೆನು ವಿಷಯವಾರು ಇತ್ತು: ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ. ಕಲಿಸುವವರಿಗೆ ಹಾಗೇ ತೋಚುತ್ತದೆ. ಪೋಷಕರು ಐದಕ್ಕೆ ಐದೂ ಜನ ತರಗತಿವಾರು ಇಟ್ಟರು. "ನನ್ನ ಮಗಳು 9ನೇ ಕ್ಲಾಸು" ಅಂತಲೇ ಅವರ ಮಾತು ಶುರುವಾಗುವುದು. "ಕೋರ್ಸುಗಳು" ಅನ್ನುವ ಪದ ಯಾರ ಬಾಯಲ್ಲೂ ಬರಲಿಲ್ಲ. ಆ ಪದ ಬರೆದ ಚೀಟಿ ತೋರಿಸಿದಾಗ ಒಬ್ಬ ಅಪ್ಪ "ಕಂಪ್ಯೂಟರ್ ಕೋರ್ಸೂ ಇದೆಯಾ?" ಅಂದರು. ಪದ ಅಲ್ಲೇ ಬಿತ್ತು.

ಹೆಸರಿನಲ್ಲಿ ಇನ್ನೊಂದು ಗೋಜಲು. "ಎಸ್ಸೆಸ್ಸೆಲ್ಸಿ" ಅಂತ ಬರೆದರೆ ಸಿಬಿಎಸ್‌ಇ ಮಕ್ಕಳ ಅಪ್ಪ-ಅಮ್ಮ ಅದು ತಮಗಲ್ಲ ಅಂತ ದಾಟಿ ಹೋಗುತ್ತಾರೆ. ಅದಕ್ಕೇ ಮೆನುವಿನಲ್ಲಿ "10ನೇ ತರಗತಿ" ಅಂತ ಬರೆದು, ಸ್ಟೇಟ್ ಬೋರ್ಡೋ ಸಿಬಿಎಸ್‌ಇನೋ ಅನ್ನುವುದನ್ನು ಪೇಜಿನ ಒಳಗೆ ಮೊದಲ ಸಾಲಿಗೆ ತಂದೆವು. ತರಗತಿ, ಬೋರ್ಡು, ವಿಷಯ ಮೂರಕ್ಕೂ ಬೇರೆ ಬೇರೆ ಪೇಜು ಮಾಡಹೊರಟರೆ ಏನಾಗುತ್ತದೆ ಗೊತ್ತಾ? ಮೂರು ತರಗತಿ, ಎರಡು ಬೋರ್ಡು, ಮೂರು ವಿಷಯ ಅಂದರೆ ಹದಿನೆಂಟು ಪೇಜು. ಹದಿನೆಂಟರಲ್ಲೂ ಹೆಚ್ಚುಕಡಿಮೆ ಅದೇ ಮಾತು. ತರಗತಿಗೆ ಒಂದು ಪೇಜು, ಒಳಗೊಂದು ಬ್ಯಾಚ್ ಟೇಬಲ್ಲು ಇದ್ದರೆ ಮುಗಿಯಿತು.

ಆಮೇಲೆ ಬೆರಳು ಪರೀಕ್ಷೆ. ಹೆಸರು ನಾನಿಟ್ಟದ್ದು. ಹರಿದ ಆ ಚೀಟಿ 74 ಮಿಲಿಮೀಟರ್ ಅಗಲ ಇರುತ್ತದೆ, ಹೆಚ್ಚುಕಡಿಮೆ ಮೊಬೈಲಿನಷ್ಟೇ. ಹಾಗಾಗಿ ಮೆನುವನ್ನು ಒಂದು ಚೀಟಿಯಲ್ಲಿ, ಒಂದರ ಕೆಳಗೊಂದು, ಬೆರಳಿಗೆ ಸಿಗುವಷ್ಟು ಅಂತರ ಬಿಟ್ಟು ಬರೆಯುತ್ತೇನೆ. ಆರೇಳು ಸಾಲಿಗೆ ಚೀಟಿ ತುಂಬುತ್ತದೆ. ಹದಿಮೂರು ಪೇಜಿನ ಪಟ್ಟಿ ಯಾಕೆ ಬೇಡ ಅಂತ ಸರ್‌ಗೆ ವಾದ ಮಾಡಿ ಹೇಳುವ ಕಷ್ಟವೇ ಬರಲಿಲ್ಲ. ಅವರೇ ಬರೆಯಲು ಹೋಗಿ ಏಳನೇ ಸಾಲಿಗೆ ನಿಲ್ಲಿಸಿದರು.

ಚೀಟಿಯನ್ನು ಪೋಷಕರ ಕೈಗೆ ಕೊಟ್ಟು ಒಂದು ಸಂದರ್ಭ ಹೇಳಬೇಕು. ಅವರ ಬೆರಳು ಮೊದಲು ಎಲ್ಲಿ ಹೋಗುತ್ತದೆ ಅನ್ನುವುದನ್ನು ಮಾತ್ರ ಬರೆದುಕೊಳ್ಳಬೇಕು. ಇಲ್ಲೊಂದು ಎಚ್ಚರ: ಮೆನುವಿನಲ್ಲಿರುವ ಪದವನ್ನೇ ಪ್ರಶ್ನೆಯಲ್ಲಿ ಹೇಳಬಾರದು. "ಫೀಸು ಎಲ್ಲಿ ನೋಡ್ತೀರಿ?" ಅಂದರೆ ಉತ್ತರ ನಾವೇ ಹೇಳಿಕೊಟ್ಟಂತೆ. "ತಿಂಗಳಿಗೆ ಎಷ್ಟು ದುಡ್ಡು ಎತ್ತಿಡಬೇಕು ಅಂತ ತಿಳ್ಕೋಬೇಕು, ಎಲ್ಲಿ ಒತ್ತುತ್ತೀರಿ?" ಅಂತ ಕೇಳಬೇಕು.

ನನ್ನ ಒಂದು ಪ್ರಶ್ನೆ ಇದು: "ಮಗ 10ನೇ ಕ್ಲಾಸು, ಗಣಿತ ಒಂದಕ್ಕೇ ಕಳಿಸಬೇಕು, ನೀವು ಆಫೀಸಿಂದ ಬರೋದು ಆರು ಗಂಟೆಗೆ. ಆಗುತ್ತಾ ಅಂತ ನೋಡಿ." ಮೂವರ ಬೆರಳು "ವೇಳಾಪಟ್ಟಿ" ಕಡೆ ಹೋಯಿತು, ಇಬ್ಬರದ್ದು "10ನೇ ತರಗತಿ" ಕಡೆ. ಎರಡೂ ಸರಿ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಬ್ಯಾಚಿನ ಸಮಯ ಎರಡು ಕಡೆ ಇದ್ದರೆ ಜೂನಿನಲ್ಲಿ ಒಂದು ಕಡೆ ಬದಲಾಗುತ್ತದೆ, ಇನ್ನೊಂದು ಕಡೆ ಹಳೆಯದೇ ಉಳಿಯುತ್ತದೆ. ಮೊದಲಿನ ಸೈಟುಗಳಲ್ಲಿ ನಾನು ಪೆಟ್ಟು ತಿಂದದ್ದು ಇಲ್ಲೇ. ಪೋಷಕರು ಆರೂವರೆಗೆ ಅಂತ ಬರುತ್ತಿದ್ದರು, ಕ್ಲಾಸು ಆರಕ್ಕೇ ಶುರುವಾಗಿರುತ್ತಿತ್ತು. ಹಾಗಾಗಿ ವೇಳಾಪಟ್ಟಿ ಪೇಜನ್ನೇ ತೆಗೆದೆವು. ಸಮಯ ಇರುವುದು ತರಗತಿ ಪೇಜಿನಲ್ಲಿ ಮಾತ್ರ, ಶುರು ಮತ್ತು ಬಿಡುವ ಹೊತ್ತು ಎರಡೂ. ಮಾರನೇ ಸಂಜೆ ಹೊಸ ಚೀಟಿ ಹಿಡಿದು ಬೇರೆ ಐವರನ್ನು ಕೇಳಿದೆ. ನಾಲ್ವರು ನೇರ ತರಗತಿಗೆ ಹೋದರು.

ಐದನೆಯವರು "9ನೇ ತರಗತಿ" ಒತ್ತಿದರು. ತಪ್ಪು ಅವರದಲ್ಲ. ಮಗ ಈಗಷ್ಟೇ 9 ಮುಗಿಸಿ ರಜೆಯಲ್ಲಿದ್ದ. ಅಡ್ಮಿಷನ್ ಕಾಲದಲ್ಲಿ ಮಕ್ಕಳು ಎರಡು ತರಗತಿಗಳ ನಡುವೆ ಇರುತ್ತಾರೆ ಅನ್ನುವುದು ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮೆನು ಬದಲಿಸಲಿಲ್ಲ. 9ರ ಪೇಜಿನ ತಲೆಯಲ್ಲಿ "ಜೂನಿನಿಂದ 10ಕ್ಕೆ ಹೋಗುವವರು ಇಲ್ಲಿ ನೋಡಿ" ಅಂತ ಒಂದು ಸಾಲು ಹಾಕಿದೆವು.

ಫೀಸಿನ ಪೇಜಿಗೆ ಜಗಳವೇ ಆಯಿತು. ಫೀಸು ಬರೆದರೆ ಪಕ್ಕದ ರಸ್ತೆಯ ಸೆಂಟರಿನವರು ನೂರು ರೂಪಾಯಿ ಕಡಿಮೆ ಮಾಡ್ತಾರೆ ಅಂತ ಸರ್ ಭಯ. ಅದೂ ಸುಳ್ಳಲ್ಲ. ನನ್ನ ಮಾತು ಇಷ್ಟೇ: ಮೆನುವಿನಲ್ಲಿ "ಫೀಸು" ಅಂತ ಬರೆದು ಒಳಗೆ "ವಿವರಗಳಿಗೆ ಕರೆ ಮಾಡಿ" ಅಂದರೆ ಜನರಿಗೆ ಸಿಟ್ಟು ಬರುತ್ತದೆ. ಅದಕ್ಕಿಂತ ಆ ಸಾಲೇ ಬೇಡ. ಕೊನೆಗೆ ಮೇಡಂ ದಾರಿ ಹುಡುಕಿದರು. ತರಗತಿವಾರು "ಇಷ್ಟರಿಂದ ಇಷ್ಟರವರೆಗೆ", ನೋಟ್ಸಿನ ದುಡ್ಡು ಸೇರಿದೆಯೋ ಇಲ್ಲವೋ, ಎಷ್ಟು ಕಂತು, ಅಣ್ಣ-ತಂಗಿ ಇಬ್ಬರೂ ಬಂದರೆ ಎಷ್ಟು ರಿಯಾಯಿತಿ. ಚೀಟಿಗಳಲ್ಲಿ ಇದ್ದದ್ದೂ ಇವೇ ಪ್ರಶ್ನೆಗಳು.

ಕೊನೆಗೆ ಉಳಿದದ್ದು ಇಷ್ಟು. ಎಡಗಡೆ ಇರುವುದು ಪೇಜಿನ ವಿಳಾಸ, ಅದನ್ನೂ ಪೇಪರಿನಲ್ಲೇ ತೀರ್ಮಾನಿಸಿದೆವು:

```
/            ಮುಖಪುಟ
/class-8/    8ನೇ ತರಗತಿ
/class-9/    9ನೇ ತರಗತಿ
/class-10/   10ನೇ ತರಗತಿ
/puc/        ಪಿಯುಸಿ
/fees/       ಫೀಸು
/teachers/   ಯಾರು ಕಲಿಸ್ತಾರೆ
/contact/    ವಿಳಾಸ, ಫೋನ್
```

ವಿಳಾಸದಲ್ಲಿ ಇಸವಿ ಹಾಕಬೇಡಿ. `/fees-2025/` ಅಂತ ಇಟ್ಟರೆ ಮುಂದಿನ ವರ್ಷ ಹೊಸ ಪೇಜು ಮಾಡುತ್ತೀರಿ, ವಾಟ್ಸಾಪಿನಲ್ಲಿ ಓಡಾಡುವುದು ಮಾತ್ರ ಹಳೇ ಲಿಂಕು. ಪರೀಕ್ಷೆ-2ರ ತಯಾರಿ ವರ್ಷದಲ್ಲಿ ಕೆಲವೇ ವಾರಗಳ ಮಾತು, ಹಾಗಾಗಿ ಅದಕ್ಕೆ ಮೆನುವಿನಲ್ಲಿ ಜಾಗ ಇಲ್ಲ. ಆ ಹೊತ್ತಿಗೆ ಮುಖಪುಟದಲ್ಲಿ ಒಂದು ಬ್ಯಾನರ್ ಹಾಕಿ, 10ರ ಪೇಜಿಗೆ ಕಳಿಸಿದರೆ ಸಾಕು. ರಿಸಲ್ಟಿಗೂ ಬೇರೆ ಪೇಜಿಲ್ಲ, ಆಯಾ ತರಗತಿಯ ಕೆಳಗೇ ಇದೆ. ಮಕ್ಕಳ ಫೋಟೊ, ಅಂಕ ಹಾಕುವ ಮುಂಚೆ ಅಪ್ಪ-ಅಮ್ಮನ ಒಪ್ಪಿಗೆ ಬರೆಸಿಕೊಳ್ಳಿ ಅಂತ ಹೇಳಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ.

ಪೇಪರಿಗೆ ಕಾಣದ್ದು ಒಂದಿದೆ. ನಾವು ಮೇಜಿನ ಮೇಲೆ ಮುಖಪುಟದಿಂದ ಶುರು ಮಾಡುತ್ತೇವೆ. ಜನ ಹಾಗೆ ಬರುವುದಿಲ್ಲ. ಪಕ್ಕದ ಮನೆಯವರು ಕಳಿಸಿದ ಲಿಂಕಿನಿಂದ ನೇರ `/class-10/`ಗೆ ಬಂದು ಇಳಿಯುತ್ತಾರೆ. ಅದಕ್ಕೇ ಕೊನೆಯಲ್ಲಿ ಒಂದು ಕೆಲಸ ಮಾಡುತ್ತೇನೆ. ಒಂದೊಂದು ಪೇಜಿನ ಹಾಳೆಯನ್ನೂ ಒಂಟಿಯಾಗಿ ಕೈಗೆ ಕೊಟ್ಟು, "ಇದು ಯಾರ ಸೆಂಟರ್? ಯಾವ ಏರಿಯಾ? ಫೋನ್ ಮಾಡೋದು ಹೇಗೆ?" ಅಂತ ಕೇಳುತ್ತೇನೆ. ನಮ್ಮ 10ರ ಹಾಳೆಯಲ್ಲಿ ಬ್ಯಾಚುಗಳೆಲ್ಲ ಇದ್ದವು, ಊರಿನ ಹೆಸರು ಇರಲಿಲ್ಲ. ಸರ್ ಪೆನ್ಸಿಲ್ ತಗೊಂಡು ಮೇಲೆ "ದಾವಣಗೆರೆ" ಅಂತ ಬರೆದರು.