21ರ ಹಿಂಬದಿಗೆ 23

ಕಲಬುರಗಿ, ಬುಧವಾರ, 14 ಮೇ 2025

ಮಾಸ್ತರರ ತೊಗರಿ ಪುಸ್ತಕದ ಡಮ್ಮಿ, ಅಂದರೆ ಒಪ್ಪಿಗೆಗೆ ಮಾಡುವ ಮಾದರಿ ಪ್ರತಿ, ಇವತ್ತು ಪ್ರೆಸ್‌ನಿಂದ ಬಂತು. ಅವರೇ ಬಿಸಿಲಲ್ಲಿ ಸೈಕಲ್ ಮೋಟರ್ ಹೊಡೆದುಕೊಂಡು ಬಂದು ಟೇಬಲ್ ಮೇಲಿಟ್ಟರು. ನೀರು ಕುಡಿಯೋ ಮೊದಲೇ ದೂರು ಶುರು.

"ಎರಡನೇ ಅಧ್ಯಾಯ ಎಡಕ್ಕ ಬಂದದ ನೋಡ್ರಿ. ನನ್ನ ಅಳಿಯ ಎಲ್ಲಾ ಅಧ್ಯಾಯ ಬಲಕ್ಕೇ ಶುರು ಆಗ್ತಾವ ಅಂದಿದ್ದ. ನಾಕು, ಐದು ಸರಿ ಅವ. ಇದೊಂದು ಯಾಕ ಹಿಂಗ?"

ಅಳಿಯ ಬೆಂಗಳೂರಲ್ಲಿರುವವನು. ಪುಟವಿನ್ಯಾಸ ಪೂರ್ತಿ ಲಿಬ್ರೆಆಫೀಸ್ ರೈಟರ್‌ನಲ್ಲಿ ಅವನೇ ಮಾಡಿ, ಪಿಡಿಎಫ್ ಸೀದಾ ಪ್ರೆಸ್‌ಗೆ ಕಳಿಸಿದ್ದ. ಮೂಲ ಫೈಲನ್ನು ಮಾತ್ರ ಮಾವನ ಪೆನ್‌ಡ್ರೈವ್‌ಗೆ ಹಾಕಿಕೊಟ್ಟಿದ್ದ. ಅದೊಂದು ಪುಣ್ಯ.

ಡಮ್ಮಿ ತಿರುವಿದೆ. 21ನೇ ಪುಟ ಬಲಕ್ಕಿದೆ, ಮೊದಲ ಅಧ್ಯಾಯ ಅಲ್ಲಿಗೆ ಮುಗಿಯುತ್ತದೆ. ಹಾಳೆ ಮಗುಚಿದರೆ ಹಿಂಬದಿಯಲ್ಲಿ 23. ಇಪ್ಪತ್ತೆರಡೇ ಇಲ್ಲ! ಮಾಸ್ತರರು ಅಧ್ಯಾಯದ ತಲೆಬರಹ ನೋಡಿದ್ದರು, ಪುಟಸಂಖ್ಯೆ ನೋಡಿರಲಿಲ್ಲ. ಪುಟಸಂಖ್ಯೆ ಹಾರಿದೆ ಅಂದರೆ ವಿನ್ಯಾಸದಲ್ಲಿ ತಪ್ಪಿಲ್ಲ, ಪಿಡಿಎಫ್ ತೆಗೆಯುವಾಗ ಏನೋ ಬಿಟ್ಟುಹೋಗಿದೆ ಅಂತ ಅರ್ಥ.

ಕನ್ನಡ ಪುಸ್ತಕದಲ್ಲಿ ಬೆಸ ಸಂಖ್ಯೆ ಯಾವಾಗಲೂ ಬಲಕ್ಕೆ, ಸಮ ಸಂಖ್ಯೆ ಎಡಕ್ಕೆ. ಹಾಗಾಗಿ ಅಧ್ಯಾಯ ಬಲಕ್ಕೇ ಶುರುವಾಗಬೇಕು ಅಂದರೆ ಬೆಸ ಪುಟದಲ್ಲೇ ಶುರುವಾಗಬೇಕು. ಹಿಂದಿನ ಅಧ್ಯಾಯ ಬೆಸ ಪುಟದಲ್ಲಿ ಮುಗಿದರೆ ನಡುವೆ ಒಂದು ಖಾಲಿ ಪುಟ ಬೇಕು. ರೈಟರ್ ಇದನ್ನು ತಾನೇ ನೋಡಿಕೊಳ್ಳುತ್ತದೆ. ಆದರೆ ಆ ಖಾಲಿ ಪುಟವನ್ನು ಮಾಮೂಲಿ ನೋಟದಲ್ಲಿ ತೋರಿಸುವುದಿಲ್ಲ. 21 ಆದಮೇಲೆ ಸೀದಾ 23 ಕಾಣುತ್ತದೆ, ಅಷ್ಟೇ. ಪಿಡಿಎಫ್ ಮಾಡುವಾಗಲೂ ನಾವು ಕೇಳದಿದ್ದರೆ ಅದನ್ನು ಸೇರಿಸುವುದಿಲ್ಲ. ಪ್ರೆಸ್‌ನ ಮಷಿನ್ ಪುಟಸಂಖ್ಯೆ ಓದುತ್ತದಾ? ಇಲ್ಲ. ಬಂದ ಪುಟವನ್ನು ಬಂದ ಸಾಲಿನಲ್ಲೇ ಹಾಳೆಯ ಎರಡು ಬದಿಗೆ ಹಾಕುತ್ತಾ ಹೋಗುತ್ತದೆ.

ಹಾಗಾದರೆ ನಾಲ್ಕು, ಐದು ಯಾಕೆ ಸರಿಯಾಗಿವೆ? ಮಾಸ್ತರರ ಪ್ರಶ್ನೆಯಲ್ಲಿ ನಿಜವಾದ ಮಜಾ ಇರುವುದು ಅಲ್ಲೇ. ಒಂದು ಹಾಳೆ ತಗೊಂಡು ಅವರ ಎದುರಿಗೇ ಬರೆದೆ. ಮುನ್ನುಡಿ, ಪರಿವಿಡಿ ಎಲ್ಲ ಸೇರಿ 8 ಪುಟ. ಅಧ್ಯಾಯಗಳು ಸಾಲಾಗಿ 13, 10, 17, 22, 15, 11, 24, 19 ಪುಟ. ಕೊನೆಗೆ ಪದಪಟ್ಟಿ 4 ಪುಟ. ಬೆಸ ಲೆಕ್ಕದಲ್ಲಿ ಇರುವ ಅಧ್ಯಾಯ ಐದು: 1, 3, 5, 6, 8. ಪ್ರತಿಯೊಂದರ ಕೊನೆಗೂ ಒಂದೊಂದು ಖಾಲಿ ಪುಟ. ಅವು 22, 50, 88, 100, 144ನೇ ಪುಟಗಳು. ಕೊನೆಯ ಪುಟದ ಸಂಖ್ಯೆ 148. ಪಿಡಿಎಫ್ ತೆರೆದರೆ ಒಟ್ಟು 143. ವ್ಯತ್ಯಾಸ ಐದು. ಕಳೆದುಹೋಗಿರುವ ಖಾಲಿ ಪುಟಗಳೂ ಐದೇ.

ಮೊದಲ ಖಾಲಿ ಪುಟ ಹೋದ ಕೂಡಲೇ ಮುಂದಿನದೆಲ್ಲ ಒಂದು ಬದಿ ಮುಂದೆ ಸರಿಯಿತು. ಹಾಗಾಗಿ 2 ಮತ್ತು 3ನೇ ಅಧ್ಯಾಯ ಎಡಕ್ಕೆ ಬಿದ್ದವು. 50ನೇ ಪುಟವೂ ಹೋದಾಗ ಎರಡು ಬದಿ ಸರಿದಂತಾಯಿತು, ಅಂದರೆ ಮತ್ತೆ ಬಲಕ್ಕೇ ಬಂತು. ಅದಕ್ಕೇ 4, 5 ನೋಡೋಕೆ ಸರಿ. 88 ಹೋದಮೇಲೆ 6 ಮತ್ತೆ ಎಡಕ್ಕೆ. 100 ಹೋದಮೇಲೆ 7, 8 ಸರಿ. 144 ಹೋದಮೇಲೆ ಪದಪಟ್ಟಿ ಎಡಕ್ಕೆ. ಅಲ್ಲಲ್ಲಿ ತೆರೆದು ನೋಡುವವರಿಗೆ ಇದು ಸಿಗುವುದು ಕಷ್ಟ. ಯಾರಾದರೂ 4ನೇ ಅಧ್ಯಾಯ ತೆರೆದು "ಸರಿ ಇದೆ" ಅಂತ ಒಪ್ಪಿಗೆ ಕೊಟ್ಟುಬಿಟ್ಟಿದ್ದರೆ ಅಷ್ಟೂ ಪ್ರತಿ ಹೀಗೇ ಹೊರಬರುತ್ತಿದ್ದವು.

ಬರೀ ಎಡ-ಬಲದ ಚಂದದ ಮಾತಾಗಿದ್ದರೆ ನಾನೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಈ ಪುಸ್ತಕದಲ್ಲಿ ಒಳಮಾರ್ಜಿನ್ 22 ಮಿ.ಮೀ., ಹೊರಮಾರ್ಜಿನ್ 15 ಮಿ.ಮೀ. ಬೈಂಡಿಂಗ್‌ನಲ್ಲಿ ಸ್ವಲ್ಪ ಜಾಗ ಒಳಗೆ ಹೋಗುತ್ತದೆ ಅಂತ ಒಳಗೆ ಜಾಸ್ತಿ ಬಿಟ್ಟಿರುತ್ತಾರೆ. ಬದಿ ತಪ್ಪಿದ ಪುಟಗಳಲ್ಲಿ ಅದು ತಿರುಗಾಮುರುಗಾ. 15 ಮಿ.ಮೀ. ಬೈಂಡಿಂಗ್ ಕಡೆ ಹೋಗಿ, ಸಾಲಿನ ತುದಿ ಗೋಂದಿನ ಹತ್ತಿರ ಸಿಕ್ಕಿಹಾಕಿಕೊಳ್ಳುತ್ತದೆ. 2ನೇ ಅಧ್ಯಾಯ ಓದುವಾಗ ಮಾಸ್ತರರು ಡಮ್ಮಿಯನ್ನು ಎರಡೂ ಕೈಯಿಂದ ಹಿಸುಕಿ ತೆರೆಯುತ್ತಿದ್ದರು. ಪುಟಸಂಖ್ಯೆಯೂ ಹೊರಮೂಲೆ ಬಿಟ್ಟು ಒಳಮೂಲೆಗೆ ಹೋಗಿತ್ತು.

ಫೈಲ್ ತೆರೆದು ನೋಡಿದರೆ ಅಳಿಯನ ಕೆಲಸ ಅಚ್ಚುಕಟ್ಟು. ಅಧ್ಯಾಯದ ಮೊದಲ ಪುಟಕ್ಕೆ ಬೇರೆ ಪುಟಶೈಲಿ ಮಾಡಿ, ಅದರ `Page layout` ಅನ್ನು `Only right` ಅಂತ ಇಟ್ಟಿದ್ದಾನೆ. ಅದರ ಮುಂದಿನ ಶೈಲಿ ಮಾಮೂಲಿ ಪುಟದ್ದು, `Mirrored`. ಆಮೇಲೆ `Heading 1` ಶೈಲಿಯ `Text Flow` ಟ್ಯಾಬ್‌ನಲ್ಲಿ ಬ್ರೇಕ್ ಹಾಕಿ, `With page style` ಎದುರು ಆ ಮೊದಲ ಪುಟದ ಶೈಲಿ ಆರಿಸಿದ್ದಾನೆ. ಹೀಗಿದ್ದರೆ ತಲೆಬರಹ ಎಲ್ಲಿ ಬಂದರೂ ಅಧ್ಯಾಯ ತಾನಾಗೇ ಬಲಕ್ಕೆ ಹೋಗುತ್ತದೆ. ನಮ್ಮ ಕಡೆ ಬರುವ ಎಷ್ಟೋ ಫೈಲುಗಳಲ್ಲಿ ಎಂಟರ್ ಒತ್ತಿ ಒತ್ತಿ ಖಾಲಿ ಪುಟ ಮಾಡಿರುತ್ತಾರೆ. ಹಿಂದೆ ಒಂದು ಪ್ಯಾರಾ ಕಮ್ಮಿಯಾದರೂ ಅದೆಲ್ಲ ಕೆಡುತ್ತದೆ. ಮೇಲಾಗಿ ಅಂಥ ಪುಟದಲ್ಲಿ ಹೆಡರ್, ಪುಟಸಂಖ್ಯೆ ಎಲ್ಲ ಬಂದು ಕೂತಿರುತ್ತವೆ. ರೈಟರ್ ತಾನೇ ಹಾಕುವ ಪುಟ ಪೂರ್ತಿ ಬಿಳಿ.

ಬಿಟ್ಟುಹೋಗಿದ್ದು ಒಂದೇ ಟಿಕ್. ಪಿಡಿಎಫ್ ಎಕ್ಸ್‌ಪೋರ್ಟ್ ಕಿಟಕಿಯ `General` ಟ್ಯಾಬ್‌ನಲ್ಲಿ `Export automatically inserted blank pages` ಅಂತಿರುತ್ತದೆ. ಅದನ್ನು ಟಿಕ್ ಮಾಡಿ ಮತ್ತೆ ತೆಗೆದೆ. 148 ಪುಟ ಬಂತು.

ಮೂಲ ಫೈಲ್ ಇಲ್ಲದೆ ಪಿಡಿಎಫ್ ಒಂದೇ ಕೈಲಿದ್ದಿದ್ದರೂ ಈ ಪುಸ್ತಕವನ್ನು ಉಳಿಸಬಹುದಿತ್ತು. ಅದೇ ಅಳತೆಯ ಒಂದು ಖಾಲಿ ಪುಟದ ಪಿಡಿಎಫ್ ಮಾಡಿಕೊಂಡು, ಪಿಡಿಎಫ್ ಪುಟ ಜೋಡಿಸುವ qpdf ಕಮಾಂಡಿನಲ್ಲಿ ನಡುನಡುವೆ ಸೇರಿಸಿದರೆ ಆಯಿತು:

```
qpdf book.pdf --pages . 1-21 blank.pdf 1 \
  . 22-48 blank.pdf 1 . 49-85 blank.pdf 1 \
  . 86-96 blank.pdf 1 . 97-139 blank.pdf 1 \
  . 140-143 -- print.pdf
```

ಇಲ್ಲಿ ಬರೆದಿರುವುದು ಪಿಡಿಎಫ್ ಒಳಗಿನ ಎಣಿಕೆ, ಪುಟದ ಮೇಲೆ ಅಚ್ಚಾದ ಸಂಖ್ಯೆ ಅಲ್ಲ. ಆದರೆ ಈ ಉಪಾಯ ಎಲ್ಲ ಕಡೆ ನಡೆಯುವುದಿಲ್ಲ. ಇಲ್ಲಿ ಸಂಖ್ಯೆ ಹಾರಿತ್ತು, ಅಂದರೆ 23ನೇ ಪುಟದ ಮಾರ್ಜಿನ್ ಮೊದಲೇ ಬಲಪುಟದ ಲೆಕ್ಕಕ್ಕಿತ್ತು. 21, 22, 23 ಅಂತ ಸಾಲಾಗಿ ಬಂದು, 22ರಲ್ಲೇ ಅಧ್ಯಾಯ ಶುರುವಾಗಿದ್ದರೆ ಕಥೆ ಬೇರೆ. ಆಗ ಖಾಲಿ ಪುಟ ತುರುಕಿದರೆ ಅಧ್ಯಾಯ ಬಲಕ್ಕೆ ಬರುತ್ತದೆ, ಮಾರ್ಜಿನ್ ಎಡಪುಟದ್ದೇ ಉಳಿಯುತ್ತದೆ, ಪರಿವಿಡಿಯೂ ಸುಳ್ಳಾಗುತ್ತದೆ. ಅಂಥದ್ದಕ್ಕೆ ಮೂಲ ಫೈಲೇ ಬೇಕು.

ಹೊಸ ಪಿಡಿಎಫ್ ಅನ್ನು ಎರಡು ಪುಟದ ನೋಟದಲ್ಲಿ ನೋಡಿದೆವು. ಇಲ್ಲೂ ಒಂದು ಹುಷಾರು ಬೇಕು. ಮಾಮೂಲಿ ಎರಡು ಪುಟದ ನೋಟದಲ್ಲಿ ಅಕ್ರೋಬ್ಯಾಟ್ 1 ಮತ್ತು 2ನ್ನು ಜೋಡಿ ಮಾಡಿ ತೋರಿಸುತ್ತದೆ. ಆಗ ಸರಿ ಇರುವುದೆಲ್ಲ ತಪ್ಪಾಗಿ ಕಾಣುತ್ತದೆ. `Show Cover Page in Two Page View` ಹಾಕಿದರೆ 1 ಒಂಟಿಯಾಗಿ ಬಲಕ್ಕೆ ನಿಂತು, 2 ಮತ್ತು 3 ಎದುರುಬದುರಾಗುತ್ತವೆ. ಪುಸ್ತಕ ತೆರೆದ ಹಾಗೆ.

ಪ್ರೆಸ್‌ಗೆ ಫೋನ್ ಮಾಡಿ 148 ಅಂದೆ. ಆ ಕಡೆಯಿಂದ ನಿಟ್ಟುಸಿರು.

"ಅಣ್ಣಾ, ಒಂಬತ್ತು ಫಾರಂ ಅಂತ ರೇಟ್ ಹೇಳೀನಿ. ನಾಕು ಪುಟಕ್ಕ ಬ್ಯಾರೆ ಪ್ಲೇಟ್ ಹಾಕ್ಬೇಕಾಗ್ತದ."

ಅವನ ಮಾತೂ ನಿಜ. ಒಂದು ಫಾರಂ ಅಂದರೆ 16 ಪುಟ, ಒಂಬತ್ತು ಫಾರಂಗೆ 144. ಖಾಲಿ ಪುಟ ಇಲ್ಲದ 143 ಅದರಲ್ಲಿ ಹಿಡಿಸುತ್ತಿತ್ತು. ಈಗ ನಾಲ್ಕು ಜಾಸ್ತಿ. "ಹಂಗಾರ ಖಾಲಿ ಪುಟನೇ ಬ್ಯಾಡ, ಎಡಕ್ಕೇ ಬರಲಿ ಬಿಡ್ರಿ" ಅಂತ ಮಾಸ್ತರರು ಸೋತುಬಿಟ್ಟರು. ನನಗೆ ಮನಸ್ಸಾಗಲಿಲ್ಲ.

ಬೆಸ ಪುಟಗಳ ಅಧ್ಯಾಯದಲ್ಲಿ ಒಂದು ಪುಟ ಕಮ್ಮಿ ಮಾಡಿದರೆ ಉಳಿಯುವುದು ಒಂದಲ್ಲ, ಎರಡು. ಆ ಪುಟವೂ ಹೋಗುತ್ತದೆ, ಅದರ ಹಿಂಬದಿಯ ಖಾಲಿ ಪುಟವೂ ಹೋಗುತ್ತದೆ. ಹಾಗಾಗಿ ಬೆಸ ಅಧ್ಯಾಯಗಳ ಕೊನೆಯ ಪುಟಗಳನ್ನಷ್ಟೇ ನೋಡಿದೆವು. 6ನೇ ಅಧ್ಯಾಯದ ಕೊನೆಯ ಪುಟದಲ್ಲಿ ಐದು ಸಾಲು, 8ರಲ್ಲಿ ನಾಲ್ಕು. 6ರಲ್ಲಿ ರಾಶಿ ಮಾಡುವ ಕಣದ ಫೋಟೋ ಅರ್ಧ ಪುಟ ತಿಂದಿತ್ತು. ಅದನ್ನು ಸ್ವಲ್ಪ ಸಣ್ಣ ಮಾಡಿದ ಕೂಡಲೇ ಐದೂ ಸಾಲು ಹಿಂದಕ್ಕೆ ಹೋದವು. 8ರಲ್ಲಿ 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್ ಸಿಕ್ಕ ಮಾತನ್ನು ಮಾಸ್ತರರು ಎರಡು ಕಡೆ ಹೇಳಿದ್ದರು. ಒಂದನ್ನು ಅವರೇ ಹೊಡೆದುಹಾಕಿದರು, ಸ್ವಲ್ಪ ಮುಖ ಸಣ್ಣ ಮಾಡಿಕೊಂಡೇ. ಈಗ 6ನೇ ಅಧ್ಯಾಯ 98ಕ್ಕೆ ಮುಗಿದು 7 ಶುರುವಾಗುವುದು 99ಕ್ಕೆ. 8 ಶುರುವಾಗುವುದು 123ಕ್ಕೆ, ಮುಗಿಯುವುದು 140ಕ್ಕೆ. ಪದಪಟ್ಟಿ 141ರಿಂದ 144. ಖಾಲಿ ಪುಟ ಉಳಿದದ್ದು ಮೂರೇ: 22, 50, 88. ಪರಿವಿಡಿ ಅಪ್‌ಡೇಟ್ ಮಾಡಿ, ಅದರಲ್ಲಿ 7, 8, ಪದಪಟ್ಟಿಯ ಸಂಖ್ಯೆ ಬದಲಾಗಿದೆಯಾ ಅಂತ ನೋಡಿ, ಮತ್ತೆ ಪಿಡಿಎಫ್ ತೆಗೆದೆ. ಒಟ್ಟು 144, ಕೊನೆಯ ಪುಟದ ಸಂಖ್ಯೆಯೂ 144.

ಹೊರಡುವ ಮುಂಚೆ ಮಾಸ್ತರರಿಗೆ ಹೊಸ ಹುರುಪು. "22 ಸುಮ್ನೆ ಖಾಲಿ ಯಾಕ್ರಿ? ತೊಗರಿ ಹೂವಿನ ಫೋಟೋ ಹಾಕೋಣಲ್ಲ."

ಹಾಕಬಹುದು. ಆದರೆ ಫೋಟೋ ಬಿದ್ದ ಕೂಡಲೇ ಅದು ರೈಟರ್‌ನ ಖಾಲಿ ಪುಟ ಅಲ್ಲ, ಮೊದಲ ಅಧ್ಯಾಯದ ಹದಿನಾಲ್ಕನೇ ಪುಟ. ಆಮೇಲೆ ಆ ಅಧ್ಯಾಯದಲ್ಲಿ ನಾಲ್ಕು ಸಾಲು ಬೆಳೆದು ಒಂದು ಪುಟ ಜಾಸ್ತಿಯಾದರೆ, ಫೋಟೋ 23ಕ್ಕೆ ಹೋಗಿ, 24 ಖಾಲಿಯಾಗಿ, ಒಟ್ಟು 146 ಆಗುತ್ತದೆ. ಅದಕ್ಕೇ ಕರಡು ತಿದ್ದುವುದೆಲ್ಲ ಮುಗಿದು, ಇನ್ನು ಒಂದಕ್ಷರವೂ ಮುಟ್ಟುವುದಿಲ್ಲ ಅಂತ ಅವರು ಬರೆದುಕೊಟ್ಟರೆ ಮಾತ್ರ ಫೋಟೋ ಅಂದೆ. ನಕ್ಕರು. ಬರೆದುಕೊಡಲಿಲ್ಲ.